ಕರೆಂಟ್ ಬಂತೆಂದು ಮೆಸೇಜ್ ಹಾಕುವ ಶೆಡ್ ಫೋನ್

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ಕಾಕಾ ಅವರ ದ್ರಾಕ್ಷಿ ಪಡ ಇದೆ. ನೀರು ಬೋರಿನದು. ಬೋರ್ ಮೋಟರ್ ತಿರುಗಬೇಕಾದರೆ ತ್ರೀ ಫೇಜ್ ಬರಬೇಕು. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಜ್ ಎನ್ನುವುದು ಲೆಕ್ಕ. ಆ 7 ಗಂಟೆ ಯಾವಾಗ ಎನ್ನುವುದು ಪಾಳಿಯ ಮೇಲೆ. ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ನಡುವೆ ಲೈನ್ ಟ್ರಿಪ್ ಆದರೆ ಆ ಲೆಕ್ಕವೂ ತಪ್ಪುತ್ತದೆ.

ಮನೆ ಊರೊಳಗೆ, ಪಡ 2 ಕಿ.ಮೀ. ದೂರ. ಮನೆಯ ಲೈಟ್ ನೋಡಿ ಹೊಲದ ಕರೆಂಟ್ ಗೊತ್ತಾಗುವುದಿಲ್ಲ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ. ಹಾಗಾಗಿ ಕರೆಂಟ್ ಬಂದಿದೆಯೋ ಇಲ್ಲವೋ ಎಂದು ನೋಡಲಿಕ್ಕೇ ಕಾಕಾ ರಾತ್ರಿ ಟಾರ್ಚ್ ಹಿಡಿದು ಹೋಗುತ್ತಿದ್ದರು. ಹಾವು, ಕಾಡುಹಂದಿ ಓಡಾಡುವ ದಾರಿ ಅದು.

ಆಟೋ ಸ್ವಿಚ್ ಹಾಕಬಹುದಲ್ವಾ ಎಂದು ಕೇಳುವವರಿದ್ದಾರೆ. ಕರೆಂಟ್ ಬಂದ ಕೂಡಲೇ ಅದು ಮೋಟರ್ ಚಾಲೂ ಮಾಡುತ್ತದೆ. ಆದರೆ ಯಾವ ವಾಲ್ವ್ ತೆರೆದಿದೆ, ಯಾವ ಪಟ್ಟಿಗೆ ನೀರು ಹೋಗಬೇಕು ಎನ್ನುವುದು ಅದಕ್ಕೆ ತಿಳಿಯದು. ಎಲ್ಲರ ಮೋಟರ್ ಒಂದೇ ಕ್ಷಣಕ್ಕೆ ಎದ್ದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೂ ಭಾರ ಬೀಳುತ್ತದೆ. ಫೋನಿನಿಂದಲೇ ಮೋಟರ್ ಆನ್ ಆಫ್ ಮಾಡುವ ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಕಾಕಾಗೆ ಅಷ್ಟು ಬೇಡವಾಗಿತ್ತು. "ಮೋಟರ್ ನಾನs ಹಚ್ತೀನಿ ತಮ್ಮಾ, ಕರೆಂಟ್ ಬಂತು ಅಂತ ಹೇಳಿದ್ರ ಸಾಕು" ಎಂದರು. ಮನೆಯಲ್ಲಿ ಗಾಜು ಸೀಳಿದ ಒಂದು ಗ್ಯಾಲಕ್ಸಿ ಫೋನ್ ಸುಮ್ನೆ ಬಿದ್ದಿತ್ತು. ಟಚ್ ಸರಿ ಇತ್ತು. ಅದಕ್ಕೆ ಈ ಕೆಲಸ ಕೊಟ್ಟೆವು.

ಹೊಸ ಆ್ಯಪ್ ಯಾವುದನ್ನೂ ಹಾಕಲಿಲ್ಲ. ಸ್ಯಾಮ್‌ಸಂಗ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Modes and Routines ಎಂಬುದು ಮೊದಲಿಂದಲೇ ಇರುತ್ತದೆ. 2019ರಲ್ಲಿ ಬಿಕ್ಸ್‌ಬಿ ರೂಟಿನ್ಸ್ ಎಂಬ ಹೆಸರಲ್ಲಿ ಬಂತು. 2022ರ ಒನ್ ಯುಐ 5ರಿಂದ ಈಗಿನ ಹೆಸರಿದೆ. ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಇದು ಇಲ್ಲ. ಈ ಕೆಲಸಕ್ಕೆಂದೇ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ ದುಡ್ಡು ಕೊಡಿ.

ಇದರ ಕೆಲಸ ಸರಳ. If ಎಂಬಲ್ಲಿ ಏನಾದಾಗ ಎಂದು ಹೇಳುತ್ತೇವೆ. Then ಎಂಬಲ್ಲಿ ಏನು ಮಾಡಬೇಕು ಎಂದು ಹೇಳುತ್ತೇವೆ. ನಮ್ಮ If ಎಂದರೆ Charging status, ಅಂದರೆ ಚಾರ್ಜ್ ಆಗುತ್ತಿದೆಯೇ ಇಲ್ಲವೇ ಎನ್ನುವುದು. ಶೆಡ್ಡಿನ ಚಾರ್ಜರಿಗೆ ಕರೆಂಟ್ ಬಂದರೆ ಫೋನ್ ಚಾರ್ಜ್ ಆಗಲು ಶುರುವಾಗುತ್ತದೆ. ಆ ಶುರುವೇ ನಮಗೆ ಬೇಕಾದ ಸುದ್ದಿ.

ಚಾರ್ಜರ್ ಯಾವ ಕರೆಂಟ್ ನೋಡಬೇಕು

ಈ ಕೆಲಸದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಫೋನಿನಲ್ಲಲ್ಲ, ವೈರಿನಲ್ಲಿ. ಚಾರ್ಜರ್‌ಗೆ ಬೇಕಾದ್ದು ಒಂದು ಫೇಜ್, ಒಂದು ನ್ಯೂಟ್ರಲ್. ಮೋಟರ್‌ಗೆ ಬೇಕಾದ್ದು ಮೂರೂ ಫೇಜ್. ಹೊಲದ ಲೈನಿನಲ್ಲಿ ಎಷ್ಟೋ ಹೊತ್ತು ಸಿಂಗಲ್ ಫೇಜ್ ಮಾತ್ರ ಇರುತ್ತದೆ. ಕಂಬದ ಮೇಲೆ ಒಂದು ಫ್ಯೂಜ್ ಹೋದರೂ ಉಳಿದ ಫೇಜ್ ಜೀವಂತ ಇರುತ್ತದೆ. ಚಾರ್ಜರನ್ನು ನೇರ ಒಂದು ಫೇಜಿಗೆ ಕೊಟ್ಟರೆ ಅದಕ್ಕೆ ಅಷ್ಟೇ ಸಾಕು, ಫೋನ್ ಖುಷಿಯಾಗಿ ಮೆಸೇಜ್ ಹಾಕುತ್ತದೆ. ಕಾಕಾ ಎದ್ದು ಹೋದರೆ ಮೋಟರ್ ಎತ್ತುವುದಿಲ್ಲ. ಹೀಗೆ ಎರಡು ಸಲ ಆದರೆ ಮೂರನೇ ಸಲ ಮೆಸೇಜ್ ಬಂದಾಗ ಯಾರೂ ಏಳುವುದಿಲ್ಲ.

ಅದಕ್ಕೆ ಊರಿನ ವೈರ್‌ಮನ್ ಕರೆಸಿ ಒಂದು ಬೇರೆ ಸಣ್ಣ ಪೆಟ್ಟಿಗೆ ಕಟ್ಟಿಸಿದೆವು. ಅದರೊಳಗೆ ಮೂರೂ ಫೇಜ್ ನೋಡುವ ಒಂದು ಸಿಂಗಲ್ ಫೇಜ್ ಪ್ರಿವೆಂಟರ್ ರಿಲೇ ಇದೆ. ಮೂರೂ ಫೇಜ್ ಸರಿ ಇದ್ದರೆ ಮಾತ್ರ ಅದರ ಕಾಂಟ್ಯಾಕ್ಟ್ ಕೂಡುತ್ತದೆ. ಆ ಕಾಂಟ್ಯಾಕ್ಟ್ ಮೂಲಕ ಒಂದು ಟೈಮರ್‌ಗೆ ಕರೆಂಟ್ ಹೋಗುತ್ತದೆ. ಟೈಮರ್ 2 ನಿಮಿಷ ಕಾದು ತನ್ನ ಕಾಂಟ್ಯಾಕ್ಟ್ ಕೂಡಿಸುತ್ತದೆ. ಆಮೇಲೆ ಚಾರ್ಜರಿನ ಸಾಕೆಟ್‌ಗೆ ಕರೆಂಟ್. ಮೊದಲಲ್ಲಿ ಒಂದು ಸಣ್ಣ ಎಂಸಿಬಿ. ಸ್ಟಾರ್ಟರಿನೊಳಗೆ ಮೋಟರಿನ ರಕ್ಷಣೆಗೆಂದು ಇದ್ದ ಪ್ರಿವೆಂಟರನ್ನು ಮುಟ್ಟಲಿಲ್ಲ. ಒಂದು ಮೆಸೇಜಿಗಾಗಿ ಮೋಟರಿನ ಕಾವಲು ಬಿಚ್ಚುವುದು ಸರಿಯಲ್ಲ.

2 ನಿಮಿಷದ ಟೈಮರ್ ಯಾಕೆ ಅಂದರೆ, ಕರೆಂಟ್ ಬರುವಾಗ ಒಮ್ಮೆಗೇ ನೆಟ್ಟಗೆ ಬರುವುದಿಲ್ಲ. ಬಂದು, ಹೋಗಿ, ಮತ್ತೆ ಬರುತ್ತದೆ. ಸುತ್ತಲಿನ ಆಟೋ ಸ್ವಿಚ್‌ಗಳೆಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜ್ ಬೀಳುತ್ತದೆ. ಟೈಮರ್ ಇಲ್ಲದೆ ನೋಡಿದಾಗ ಪ್ರತಿ ಸಲ ಬಂದಾಗಲೂ ಒಂದು "ಬಂತು", ಪ್ರತಿ ಸಲ ಹೋದಾಗಲೂ ಒಂದು "ಹೋಯ್ತು" ಸಾಲಾಗಿ ಬಂದವು. ಟೈಮರ್ ಹಾಕಿದ ಮೇಲೆ ಕರೆಂಟ್ ಬಂದು ಬಿಡದೆ 2 ನಿಮಿಷ ಇದ್ದರೆ ಮಾತ್ರ "ಬಂತು" ಸುದ್ದಿ.

ನ್ಯೂಟ್ರಲ್ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮೋಟರ್‌ಗೆ ಮೂರು ಫೇಜ್ ಸಾಕು. ಹಾಗಾಗಿ ಎಷ್ಟೋ ಶೆಡ್ಡುಗಳಲ್ಲಿ ನ್ಯೂಟ್ರಲ್ ವೈರ್ ಒಳಗೆ ಬಂದಿರುವುದೇ ಇಲ್ಲ. ಆಗ ಕೆಲವರು ಭೂಮಿಗೆ ಹುಗಿದ ಅರ್ಥಿಂಗ್ ಸರಳನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬ್ ಹಚ್ಚುತ್ತಾರೆ. ಇದು ಜೀವ ತೆಗೆಯುವ ಕೆಲಸ. ಮಣ್ಣು ಒಣಗಿದಾಗ ಆ ಸರಳಿಗೆ, ಅದಕ್ಕೆ ತಾಗಿದ ಸ್ಟಾರ್ಟರ್ ಪೆಟ್ಟಿಗೆಗೆ ಕರೆಂಟ್ ಏರುತ್ತದೆ. ಎರಡು ಫೇಜಿನ ನಡುವೆ ಚಾರ್ಜರ್ ಕೊಡುವುದೂ ಆಗದು. ಅಲ್ಲಿ ಸುಮಾರು 415 ವೋಲ್ಟ್ ಇರುತ್ತದೆ. ಫೋನ್ ಚಾರ್ಜರ್ ತಡೆಯುವುದು 240ರವರೆಗೆ. ಸರಿಯಾದ ನ್ಯೂಟ್ರಲ್ ಎಳೆಸಿ, ಮೀಟರ್ ಇಟ್ಟು ಫೇಜ್ ಮತ್ತು ನ್ಯೂಟ್ರಲ್ ನಡುವೆ 230ರ ಸುಮಾರು ಇದೆ ಎಂದು ನೋಡಿದ ಮೇಲೆಯೇ ಚಾರ್ಜರ್ ಚುಚ್ಚಿದೆವು. ಈ ಭಾಗ ಗೊತ್ತಿರುವ ವೈರ್‌ಮನ್ ಕೈಯಲ್ಲೇ ಆಗಲಿ.

ಇನ್ನೊಂದು ಮಿತಿ ಇಲ್ಲೇ ಹೇಳಿಬಿಡುತ್ತೇನೆ. ಮೋಟರ್ ತಿರುಗುತ್ತಿರುವಾಗ ಒಂದು ಫೇಜ್ ಹೋದರೆ, ಆ ತಿರುಗುವ ಮೋಟರೇ ಹೋದ ಫೇಜಿನಲ್ಲಿ ಸ್ವಲ್ಪ ವೋಲ್ಟೇಜ್ ಹುಟ್ಟಿಸುತ್ತದೆ. ವೋಲ್ಟೇಜ್ ಮಾತ್ರ ನೋಡುವ ರಿಲೇಗೆ ಅದು ಮೋಸ ಮಾಡಬಹುದು. ಹಾಗಾಗಿ ನಮ್ಮ ಪೆಟ್ಟಿಗೆ ಕರೆಂಟ್ ಬಂದದ್ದನ್ನು ನಂಬುವಂತೆ ಹೇಳುತ್ತದೆ. ಓಡುತ್ತಿರುವ ಮೋಟರಿನಲ್ಲಿ ಫೇಜ್ ಹೋದದ್ದನ್ನು ಹೇಳುವುದು ಅದರ ಕೆಲಸವಲ್ಲ.

ಶೆಡ್ ಫೋನಿನ ತಯಾರಿ

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆವು. ಅದರಲ್ಲಿ ಬ್ಯಾಂಕಿನದು, ಯುಪಿಐ, ಫೋಟೋ ಏನೂ ಇಲ್ಲ. ಬೀಗ ಹಾಕಿದ ಶೆಡ್ ಆದರೂ ಕಳುವಾಗಬಹುದು. ಸಿಮ್ ಕೂಡ ಯಾವ ಬ್ಯಾಂಕ್ ಖಾತೆಗೂ ಜೋಡಿಸದ ಸಿಮ್. ಒಟಿಪಿ ಬರುವ ಸಿಮ್ಮನ್ನು ಹೊಲದಲ್ಲಿ ಬಿಡಬಾರದು.

ಲಾಕ್ ಸ್ಕ್ರೀನಿಗೆ ಪಿನ್ ಹಾಕಲಿಲ್ಲ. ಇದಕ್ಕೆ ಕಾರಣ ಇದೆ. ಪಿನ್ ಇರುವ ಆ್ಯಂಡ್ರಾಯ್ಡ್ ಫೋನ್ ಯಾವುದೋ ಕಾರಣಕ್ಕೆ ರೀಸ್ಟಾರ್ಟ್ ಆದರೆ, ಯಾರಾದರೂ ಒಮ್ಮೆ ಪಿನ್ ಒತ್ತುವವರೆಗೆ ಬಹಳಷ್ಟು ಆ್ಯಪ್‌ಗಳು ಏಳುವುದೇ ಇಲ್ಲ. ಸಿಮ್ಮಿನ ಪಿನ್ ಇದ್ದರೆ ನೆಟ್‌ವರ್ಕೇ ಬರದು. ಎರಡನ್ನೂ ತೆಗೆದು, ಫೋನ್ ಆಫ್ ಮಾಡಿ ಆನ್ ಮಾಡಿ, ಸ್ಕ್ರೀನ್ ಮುಟ್ಟದೆ ಚಾರ್ಜರ್ ಚುಚ್ಚಿ ಮೆಸೇಜ್ ಬರುತ್ತದೆಯೇ ಎಂದು ನೋಡಿದೆ. ಬಂತು. ಈ ಪರೀಕ್ಷೆ ಬಿಡಬೇಡಿ.

ವೈಫೈ, ಬ್ಲೂಟೂತ್, ಮೊಬೈಲ್ ಡೇಟಾ ಎಲ್ಲ ಆಫ್. ಎಸ್ಸೆಮ್ಮೆಸ್‌ಗೆ ಡೇಟಾ ಬೇಡ, ಸಿಗ್ನಲ್ ಸಾಕು. ಸಿಮ್ ಯಾವ ಕಂಪನಿಯದು ಎನ್ನುವುದನ್ನು ಶೆಡ್ಡಿನೊಳಗೆ ನಿಂತೇ ತೀರ್ಮಾನ ಮಾಡಬೇಕು. ಹೊಲದ ಬದುವಿನಲ್ಲಿ ಕಡ್ಡಿ ತುಂಬಾ ಕಂಡರೂ ಕಲ್ಲುಗೋಡೆ, ತಗಡಿನ ಮಾಡಿನೊಳಗೆ ಅದು ಉಳಿಯುವುದಿಲ್ಲ.

ಆಮೇಲೆ ಬಿಸಿಲು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಫೋನ್‌ಗಳನ್ನು 35 ಡಿಗ್ರಿಯವರೆಗಿನ ಗಾಳಿಯಲ್ಲಿ ಬಳಸಲೆಂದು ಮಾಡಿರುತ್ತಾರೆ. ತೀರಾ ಬಿಸಿಯಾದರೆ ಫೋನ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಚಾರ್ಜಿಂಗ್ ನಿಂತರೆ ನಮ್ಮ ಲೆಕ್ಕದಲ್ಲಿ ಕರೆಂಟ್ ಹೋದ ಹಾಗೆ! ಕರೆಂಟ್ ಇರುವಾಗಲೇ "ಹೋಯ್ತು" ಎಂಬ ಮೆಸೇಜ್ ಮಧ್ಯಾಹ್ನ 2ರಿಂದ 4ರ ನಡುವೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಬಿಸಿಯನ್ನು. ಶೆಡ್ಡಿನ ಬಡಗಣ ಗೋಡೆಯಲ್ಲಿ, ನೆಲದಿಂದ ಎದೆಮಟ್ಟಕ್ಕೆ ಒಂದು ಗೂಡು ಇತ್ತು. ಫೋನನ್ನು ಕವರ್ ತೆಗೆದು ಅಲ್ಲಿಟ್ಟೆವು. ಮುಂದೆ ಇಲಿ ಬಾರದಂತೆ ಜಾಳಿಗೆ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಮಾತ್ರ ಇಡಬೇಡಿ. ಅಲ್ಲಿ ಬಿಸಿಯೂ ಇದೆ, ಕಬ್ಬಿಣದ ಪೆಟ್ಟಿಗೆ ಸಿಗ್ನಲ್ಲನ್ನೂ ನುಂಗುತ್ತದೆ.

ಬ್ಯಾಟರಿ ರಕ್ಷಣೆಯ ಸೆಟ್ಟಿಂಗ್ ಒಂದಿದೆ. ಹಳೆಯ ಆವೃತ್ತಿಯಲ್ಲಿ 85 ಪ್ರತಿಶತಕ್ಕೆ, ಹೊಸದರಲ್ಲಿ 80ಕ್ಕೆ ಚಾರ್ಜಿಂಗ್ ನಿಲ್ಲಿಸುತ್ತದೆ. ದಿನಾ ಗಂಟೆಗಟ್ಟಲೆ ಚಾರ್ಜರಿನಲ್ಲೇ ಇರುವ ಹಳೆ ಬ್ಯಾಟರಿ ಉಬ್ಬದಂತೆ ಇದು ಒಳ್ಳೆಯದೇ. ಆದರೆ ಇಲ್ಲೂ ಅದೇ ಪ್ರಶ್ನೆ. 85ಕ್ಕೆ ನಿಂತಾಗ ರೂಟಿನ್ ಅದನ್ನು ಚಾರ್ಜಿಂಗ್ ಎಂದು ತಿಳಿಯುತ್ತದೋ, ಇಲ್ಲ ಎಂದು ತಿಳಿಯುತ್ತದೋ? ಇದನ್ನು ಮನೆಯಲ್ಲೇ ನೋಡಬೇಕು. ರಕ್ಷಣೆ ಆನ್ ಮಾಡಿ, 80ರ ಸುಮಾರಿಗೆ ಚುಚ್ಚಿ, ಮಿತಿ ದಾಟಿ ಒಂದು ತಾಸು ಬಿಟ್ಟೆ. ನಮ್ಮ ಫೋನಿನಲ್ಲಿ "ಹೋಯ್ತು" ಬರಲಿಲ್ಲ, ಹಾಗಾಗಿ ಆನ್ ಇಟ್ಟೆವು. ನಿಮ್ಮ ಫೋನಿನಲ್ಲಿ ಬಂದರೆ, ರಕ್ಷಣೆ ಉಳಿಸಿಕೊಂಡು "ಹೋಯ್ತು" ರೂಟಿನ್ನನ್ನೇ ಕೈಬಿಡಿ. ಎಬ್ಬಿಸಬೇಕಾದ್ದು "ಬಂತು" ಮೆಸೇಜ್ ತಾನೇ.

ಶೆಡ್ ಫೋನಿನ ರೂಟಿನ್‌ಗಳು

ಮೊದಲನೆಯದು "ಬಂತು". Routines ಟ್ಯಾಬಿನಲ್ಲಿ + ಒತ್ತಿ, If ನಲ್ಲಿ Charging status ಆರಿಸಿ, ಚಾರ್ಜ್ ಆಗುತ್ತಿರುವಾಗ ಎಂದು ಕೊಟ್ಟೆ. Then ನಲ್ಲಿ ಮೆಸೇಜ್ ಕಳಿಸುವುದನ್ನು ಆರಿಸಿ ಇಬ್ಬರ ನಂಬರ್ ಹಾಕಿದೆ, ಕಾಕಾ ಅವರದು ಮತ್ತು ನನ್ನದು. ಮೊದಲ ಸಲ ಎಸ್ಸೆಮ್ಮೆಸ್ ಕಳಿಸಲು ಒಪ್ಪಿಗೆ ಕೇಳುತ್ತದೆ, ಕೊಡಬೇಕು.

ಬರೆದದ್ದು ಇಷ್ಟೇ: "ಕರೆಂಟ್ ಬಂತು". ಉದ್ದ ಬರೆಯುವ ಆಸೆ ಆಗುತ್ತದೆ, ಬೇಡ. ಇಂಗ್ಲಿಷ್ ಅಕ್ಷರದ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದಲ್ಲಿ ಬರೆದರೆ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ಸೊನ್ನೆ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. "ಕರೆಂಟ್ ಬಂತು" ಎಂಬುದೇ 11 ಆಗುತ್ತದೆ. 70 ದಾಟಿದರೆ ಒಂದು ಮೆಸೇಜ್ ಎರಡಾಗಿ ಎಣಿಕೆಯಾಗುತ್ತದೆ. ಪ್ಯಾಕಿನಲ್ಲಿ ದಿನಕ್ಕೆ ಇಷ್ಟೇ ಎಂದು ಇರುವಾಗ ಇದು ನೆನಪಿರಲಿ.

ಎರಡನೆಯದು "ಹೋಯ್ತು". ಇದಕ್ಕೆ ಬೇರೆ ರೂಟಿನ್ ಬೇಕು. ಸ್ಯಾಮ್‌ಸಂಗ್ ರೂಟಿನ್ ಮುಗಿದಾಗ ಸದ್ದು, ಬೆಳಕು ಮುಂತಾದ ಸೆಟ್ಟಿಂಗ್‌ಗಳನ್ನು ಹಿಂದಿನಂತೆ ಮಾಡುತ್ತದೆ. ಕಳಿಸಿದ ಮೆಸೇಜನ್ನು ಹಿಂದಕ್ಕೆ ತರಲಾಗದು. ಅದರ ಬದಲು ಇನ್ನೊಂದು ಮೆಸೇಜನ್ನು ತಾನಾಗಿ ಹಾಕುವುದೂ ಇಲ್ಲ. ಹಾಗಾಗಿ ಅದೇ Charging status, ಚಾರ್ಜ್ ಆಗದಿರುವಾಗ ಎಂದು ಕೊಟ್ಟು, "ಕರೆಂಟ್ ಹೋಯ್ತು" ಎಂದು ಬರೆದೆ.

ಫೋನ್ ಚಾರ್ಜರಿನಲ್ಲಿ ಇರುವಾಗಲೇ ರೂಟಿನ್ ಬರೆದು ಉಳಿಸಿದರೆ ಅದನ್ನು ಪರೀಕ್ಷೆ ಎಂದು ತಿಳಿಯಬಾರದು. ವೈರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಚುಚ್ಚಿ ನೋಡಬೇಕು. ಸ್ಥಿತಿ ಬದಲಾಗುವುದನ್ನು ಹಿಡಿಯುವುದೇ ಇದರ ಕೆಲಸ.

ಮೂರನೆಯದಕ್ಕೆ ಕಾಕಾ ಕೇಳಿದ ಪ್ರಶ್ನೆಯೇ ಕಾರಣ. "ಮೆಸೇಜ್ ಬರಲಿಲ್ಲ ಅಂದ್ರ ಕರೆಂಟ್ ಬಂದಿಲ್ಲಂತನೋ, ಫೋನ್ ಸತ್ತೈತಂತನೋ?" ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಇಡೀ ಕೆಲಸ ದಂಡ. ಮೆಸೇಜ್ ಬಾರದ ರಾತ್ರಿ ಅವರು ಮತ್ತೆ ಟಾರ್ಚ್ ಹಿಡಿದು ಹೋಗಲೇಬೇಕಾಗುತ್ತದೆ. ಅದಕ್ಕೆ ಸಮಯದ ಮೇಲೆ ಒಂದು ರೂಟಿನ್ ಹಾಕಿದೆ. ದಿನಾ ಸಂಜೆ 7ಕ್ಕೆ, ಕರೆಂಟ್ ಇರಲಿ ಬಿಡಲಿ, "ಶೆಡ್ ಫೋನ್ ಸರಿ ಇದೆ" ಎಂದು ಒಂದು ಮೆಸೇಜ್. ಇದು ಬಂದರೆ ಫೋನಿಗೆ ಜೀವ ಇದೆ, ಸಿಗ್ನಲ್ ಇದೆ, ಸಿಮ್ಮಿನ ವ್ಯಾಲಿಡಿಟಿ ಮುಗಿದಿಲ್ಲ, ಮೂರೂ ಒಟ್ಟಿಗೆ ಗೊತ್ತಾಗುತ್ತದೆ. ಇದು ಬಾರದ ಸಂಜೆ, ಪೂರ್ತಿ ರಾತ್ರಿಯಾಗುವ ಮೊದಲೇ ಹೋಗಿ ನೋಡಬಹುದು. ಚಳಿಗಾಲದಲ್ಲಿ ಕತ್ತಲೆ ಬೇಗ ಆಗುತ್ತದೆ, ಆಗ 5ಕ್ಕೆ ಬದಲಿಸಿಕೊಳ್ಳುತ್ತೇವೆ.

ನಾಲ್ಕನೆಯದು ಬ್ಯಾಟರಿ ಮಟ್ಟದ್ದು. 25 ಪ್ರತಿಶತಕ್ಕಿಂತ ಕೆಳಗೆ ಹೋದರೆ "ಶೆಡ್ ಫೋನ್ ಚಾರ್ಜ್ ಕಡಿಮೆ". ಟಿಸಿ ಸುಟ್ಟು ಕರೆಂಟೇ ಇಲ್ಲದ ದಿನಗಳಿಗಾಗಿ ಇದು. ಬ್ಯಾಟರಿ ಪೂರ್ತಿ ಖಾಲಿಯಾಗಿ ಫೋನ್ ಆಫ್ ಆದರೆ, ಆಮೇಲೆ ಕರೆಂಟ್ ಬಂದರೂ ಅದು ತಾನಾಗಿ ಆನ್ ಆಗುವುದಿಲ್ಲ. ಚಾರ್ಜಿಂಗ್ ಚಿತ್ರ ತೋರಿಸುತ್ತಾ ಸುಮ್ಮನೆ ಕೂರುತ್ತದೆ. ಯಾರಾದರೂ ಹೋಗಿ ಬಟನ್ ಒತ್ತಬೇಕು. 25ಕ್ಕೆ ತಿಳಿದರೆ ಪವರ್ ಬ್ಯಾಂಕ್ ಒಯ್ಯಲು ಟೈಮ್ ಸಿಗುತ್ತದೆ. ಪವರ್ ಬ್ಯಾಂಕ್ ಚುಚ್ಚಿದಾಗ "ಕರೆಂಟ್ ಬಂತು" ಮೆಸೇಜ್ ಬಂದೇ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿರಬೇಕು.

ಕಾಕಾ ಅವರ ಫೋನ್: ಎಲ್ಲ ಸುಮ್ಮನಿರಬೇಕು, ಒಂದು ಮಾತ್ರ ಕೂಗಬೇಕು

ಮೆಸೇಜ್ ಬರುವುದು ಅರ್ಧ ಕೆಲಸ. ರಾತ್ರಿ 2 ಗಂಟೆಗೆ ಅದು ಎಬ್ಬಿಸಬೇಕು. ಅದೇ ಹೊತ್ತಿಗೆ ವಾಟ್ಸಾಪ್ ಗುಂಪಿನ ಗುಡ್ ಮಾರ್ನಿಂಗ್, ಲೋನ್ ಬೇಕಾ ಎಂಬ ಮೆಸೇಜ್ ಎಬ್ಬಿಸಬಾರದು. ಕಾಕಾ ಅವರದೂ ಸ್ಯಾಮ್‌ಸಂಗ್ ಫೋನೇ.

ಮೊದಲು ಹೊಳೆಯುವ ದಾರಿ ಇದು: ರಾತ್ರಿ Sound mode ಅನ್ನು Mute ಮಾಡುವ ಒಂದು ರೂಟಿನ್, ಶೆಡ್ ನಂಬರಿಂದ ಮೆಸೇಜ್ ಬಂದರೆ Sound ಮಾಡುವ ಇನ್ನೊಂದು ರೂಟಿನ್. ಕಾಗದದ ಮೇಲೆ ಚೆನ್ನಾಗಿದೆ. ಮಾಡಿ ನೋಡಿದರೆ ಸದ್ದೇ ಇಲ್ಲ. ರೂಟಿನ್ ಓಡಿದೆ, ಫೋನ್ Sound ಗೆ ಬಂದಿದೆ, ಆದರೆ ಕೂಗಲಿಲ್ಲ. ಯಾಕೆಂದರೆ ಮೆಸೇಜ್ ಬಂದು, ಅದರ ಸದ್ದು ಬರಬೇಕಾದ ಕ್ಷಣ ಮುಗಿದ ಮೇಲೆಯೇ ರೂಟಿನ್ ಎದ್ದದ್ದು. ಸದ್ದು ಆನ್ ಆಯ್ತು, ಆದರೆ ಮೆಸೇಜ್ ಎರಡನೇ ಸಲ ಕೂಗುವುದಿಲ್ಲ. ಬಂದ ಮೆಸೇಜನ್ನೇ ನೆಪ ಮಾಡಿ ಅದೇ ಮೆಸೇಜಿನ ಸದ್ದು ಏರಿಸುವುದು ಆಗದ ಕೆಲಸ.

ಸರಿಯಾದ ದಾರಿ ಬೇರೆ. ರಾತ್ರಿ ಫೋನನ್ನು Mute ಮಾಡಬಾರದು. Sound ನಲ್ಲೇ ಇಟ್ಟು Do Not Disturb ಹಾಕಬೇಕು. Mute ಅಂದರೆ ಎಲ್ಲರ ಮೆಸೇಜಿಗೂ ಬಾಯಿ ಬಂದ್. Do Not Disturb ನಲ್ಲಿ ಯಾರಿಗೆ ಬಾಗಿಲು ತೆರೆಯಬೇಕು ಎಂದು ಹೇಳಬಹುದು. ಹಾಗಾಗಿ ರಾತ್ರಿ 10ರಿಂದ ಬೆಳಗ್ಗೆ 5:30ರವರೆಗಿನ ಒಂದು ರೂಟಿನ್ ಮಾಡಿದೆ. Then ನಲ್ಲಿ ಮೂರು ಕೆಲಸ: Sound mode ಅನ್ನು Sound ಮಾಡುವುದು, ನೋಟಿಫಿಕೇಶನ್ ವಾಲ್ಯೂಮ್ ಪೂರ್ತಿ ಏರಿಸುವುದು, Do Not Disturb ಆನ್ ಮಾಡುವುದು. ಮೊದಲ ಎರಡು ಯಾಕೆ ಬೇಕು? ಹಗಲು ಯಾವುದೋ ಮದುವೆಯಲ್ಲಿ ಕಾಕಾ ಕೈಯಿಂದಲೇ ಫೋನನ್ನು ವೈಬ್ರೇಟ್ ಮಾಡಿ ಹಾಗೇ ಮಲಗಿರಬಹುದು. 10ಕ್ಕೆ ರೂಟಿನ್ ಅದನ್ನು ಸರಿಮಾಡುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನ Do Not Disturb ಒಳಗೆ ಹೋಗಿ, ಕರೆ ಮತ್ತು ಮೆಸೇಜಿಗೆ ಫೇವರಿಟ್ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಅನುಮತಿ ಕೊಟ್ಟೆ. ಶೆಡ್ ಸಿಮ್ಮಿನ ನಂಬರನ್ನು "ಶೆಡ್" ಎಂದು ಸೇವ್ ಮಾಡಿ ನಕ್ಷತ್ರ ಹಾಕಿದೆ. ಮಗಳು, ಅಳಿಯ, ನಾನು, ಇಷ್ಟೇ ಜನ ಉಳಿದ ನಕ್ಷತ್ರಗಳು. ಸೇವ್ ಮಾಡದ ನಂಬರ್ ಇಲ್ಲಿ ಒಳಗೆ ಬರುವುದಿಲ್ಲ. ಶೆಡ್ಡಿನ ಸಿಮ್ ಬದಲಿಸಿದರೆ ಈ ಕಾಂಟ್ಯಾಕ್ಟ್ ಬದಲಿಸುವುದು ಮರೆಯಬಾರದು.

ಇನ್ನು ಸದ್ದು. ಎಸ್ಸೆಮ್ಮೆಸ್ಸಿನ "ಟಿಂಗ್" ಒಂದು ಕ್ಷಣದ್ದು. ದಿನವಿಡೀ ಪಡದಲ್ಲಿ ದುಡಿದು ಮಲಗಿದವರು ಅದಕ್ಕೆ ಏಳುವುದಿಲ್ಲ. ಮೆಸೇಜ್ ಆ್ಯಪಿನಲ್ಲಿ ಶೆಡ್ಡಿನ ಮಾತುಕತೆ ತೆರೆದು, ಆ ಒಂದು ಮಾತುಕತೆಗೆ ಮಾತ್ರ ಬೇರೆ ನೋಟಿಫಿಕೇಶನ್ ಸದ್ದು ಇಡಬಹುದು. ಅಲ್ಲಿ ಅರ್ಧ ನಿಮಿಷದ ಒಂದು ಆಡಿಯೊ ಫೈಲ್ ಇಟ್ಟೆವು. ಕಾಕಿ ದನಿಯಲ್ಲಿ ರೆಕಾರ್ಡ್ ಮಾಡಿದ್ದು: "ಏಳ್ರೀ, ಕರೆಂಟ್ ಬಂತು ನೋಡ್ರಿ." ಅದನ್ನೇ ಮತ್ತೆ ಮತ್ತೆ ಜೋಡಿಸಿದ್ದು. ಗಂಟೆ, ಸೈರನ್ ಎಲ್ಲಕ್ಕಿಂತ ಇದೇ ಚೆನ್ನಾಗಿ ಎಬ್ಬಿಸುತ್ತದೆ. "ಹೋಯ್ತು" ಮೆಸೇಜೂ ಅದೇ ನಂಬರಿಂದ ಬರುವುದರಿಂದ ಅದಕ್ಕೂ ಇದೇ ಸದ್ದು ಬರುತ್ತಿತ್ತು. ಹಾಗಾಗಿ "ಹೋಯ್ತು", "ಸರಿ ಇದೆ", "ಚಾರ್ಜ್ ಕಡಿಮೆ" ಈ ಮೂರನ್ನೂ ನನ್ನ ನಂಬರಿಗೆ ಮಾತ್ರ ತಿರುಗಿಸಿದೆ. ಶೆಡ್ ನಂಬರಿಂದ ಕಾಕಾಗೆ ಬರುವುದು ಒಂದೇ ಮಾತು.

ನನ್ನ ಫೋನ್: ಶಾಲೆಯಲ್ಲಿ ವೈಬ್ರೇಟ್

ನಾನು ವಿಜಯಪುರದಲ್ಲಿ ಮೇಷ್ಟ್ರು. ಶೆಡ್ಡಿನ ಎಲ್ಲ ಮೆಸೇಜ್ ನನಗೂ ಬರುತ್ತದೆ. ತರಗತಿಯಲ್ಲಿ ಅದು ಕೂಗಬಾರದು. ಇಲ್ಲಿ If ನಲ್ಲಿ ಎರಡು ಷರತ್ತು ಇಟ್ಟೆ: Place ಎಂದರೆ ಶಾಲೆ, Time period ಎಂದರೆ ಸೋಮವಾರದಿಂದ ಶನಿವಾರ ಬೆಳಗ್ಗೆ 9:45ರಿಂದ ಸಂಜೆ 4:45. ಎರಡೂ ಕೂಡಿದಾಗ ಮಾತ್ರ Sound mode ಅನ್ನು Vibrate ಮಾಡು ಎಂದು. ಜಾಗ ಮಾತ್ರ ಇಟ್ಟರೆ ಭಾನುವಾರ ಶಾಲೆಯ ಮುಂದೆ ಸಂತೆಗೆ ಹೋದಾಗಲೂ ಫೋನ್ ಬಾಯಿ ಮುಚ್ಚುತ್ತದೆ. ಸಮಯ ಮಾತ್ರ ಇಟ್ಟರೆ ರಜೆಯ ದಿನ ಹೊಲದಲ್ಲಿದ್ದಾಗಲೂ ಮುಚ್ಚುತ್ತದೆ.

ಜಾಗದ ಷರತ್ತು ಗಡಿಯಾರದಷ್ಟು ಚುರುಕಲ್ಲ. ಬ್ಯಾಟರಿ ಉಳಿಸಲು ಫೋನ್ ಪ್ರತಿ ಕ್ಷಣ ತಾನೆಲ್ಲಿದ್ದೇನೆ ಎಂದು ನೋಡುತ್ತಿರುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 2–3 ನಿಮಿಷ ತಡ ಆಗುತ್ತದೆ. ಫೋನ್ ಬಹಳ ಹೊತ್ತು ಒಂದೇ ಕಡೆ ಇದ್ದರೆ 6 ನಿಮಿಷದವರೆಗೂ ಆಗಬಹುದು. ವಲಯ ತೀರಾ ಸಣ್ಣದಿರಬಾರದು, 100ರಿಂದ 150 ಮೀಟರ್ ತ್ರಿಜ್ಯ ಇದ್ದರೆ ಒಳ್ಳೆಯದು. ನಾನು ಗುರುತನ್ನು ಶಾಲೆಯ ಗೇಟಿನ ಮೇಲೆ ಇಡದೆ ಕಟ್ಟಡದ ಮೇಲೆ ಇಟ್ಟು, ವಲಯವನ್ನು ಹೊರಗಿನ ರಸ್ತೆ ದಾಟುವಷ್ಟು ದೊಡ್ಡದು ಮಾಡಿದೆ. ಗಾಡಿ ನಿಲ್ಲಿಸಿ, ಹಾಜರಿ ಹಾಕಿ ತರಗತಿಗೆ ಹೋಗುವಷ್ಟರಲ್ಲಿ ವೈಬ್ರೇಟ್ ಆಗಿರುತ್ತದೆ. ಲೊಕೇಶನ್ ಆನ್ ಇರಬೇಕು, ಒಪ್ಪಿಗೆಯನ್ನು ಯಾವಾಗಲೂ ಎಂದೇ ಕೊಟ್ಟಿರಬೇಕು. ಆ್ಯಪ್ ಬಳಸುವಾಗ ಮಾತ್ರ ಎಂದು ಕೊಟ್ಟರೆ ರೂಟಿನ್ ಏಳದು.

ಸದ್ದಿನ ಒಂದೇ ಸೆಟ್ಟಿಂಗನ್ನು ಎರಡು ರೂಟಿನ್ ಒಂದೇ ಹೊತ್ತಿಗೆ ಎಳೆದಾಡದಂತೆ ನೋಡಿಕೊಳ್ಳಬೇಕು. ಮುಗಿಯುವಾಗ ರೂಟಿನ್ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಒಂದರೊಳಗೆ ಇನ್ನೊಂದು ಶುರುವಾಗಿದ್ದರೆ ಆ ಹಿಂದಿನ ಸ್ಥಿತಿ ಯಾವುದು ಎನ್ನುವುದೇ ಗೋಜಲು. ಹೊಲದಲ್ಲಿ ಮೋಟರ್ ಸದ್ದಿಗೆ ಫೋನ್ ಕೇಳಲೆಂದು ಕಾಕಾ ಅವರ ಫೋನಿನಲ್ಲಿ ಹೊಲ ಎಂಬ ಜಾಗಕ್ಕೆ ವಾಲ್ಯೂಮ್ ಏರಿಸುವ ರೂಟಿನ್ ಇದೆ. ರಾತ್ರಿಯದರ ಜೊತೆ ಅದು ಕೂಡಿಬರದಂತೆ ಅದಕ್ಕೆ ಬೆಳಗ್ಗೆ 6ರಿಂದ ರಾತ್ರಿ 9:30 ಎಂದು ಸಮಯ ಕಟ್ಟಿದೆ.

ಬೇರೆ ಫೋನ್ ಇರುವವರಿಗೆ

ಐಫೋನಿನಲ್ಲಿ Shortcuts ಆ್ಯಪಿನ Automation ಒಳಗೆ Charger ಇದೆ. Is Connected ಆರಿಸಿ, Run Immediately ಎಂದು ಕೊಟ್ಟು, ಮೆಸೇಜ್ ಕಳಿಸುವ ಕೆಲಸ ಸೇರಿಸಬೇಕು. Run After Confirmation ಎಂದು ಬಿಟ್ಟರೆ ಪ್ರತಿ ಸಲ ಯಾರಾದರೂ ಒಪ್ಪಿಗೆ ಒತ್ತಬೇಕು. ಶೆಡ್ಡಿನಲ್ಲಿ ಒತ್ತುವವರು ಯಾರು? ಒಂದು ಜಾಗ ತಲುಪಿದಾಗ, ಬಿಟ್ಟಾಗ ಓಡುವ ಆಟೊಮೇಶನ್‌ಗಳು ಕೇಳದೆ ಓಡಲು ಐಒಎಸ್ 17 ಬೇಕು. ಪಿಕ್ಸೆಲ್ ಫೋನಿನ Rules ಬೇರೆ ಥರ. ಅದು ವೈಫೈ ಅಥವಾ ಜಾಗ ನೋಡಿ ಸದ್ದು ಬದಲಿಸುತ್ತದೆ, ಅಷ್ಟೇ. ಚಾರ್ಜಿಂಗ್ ನೋಡುವುದಿಲ್ಲ, ಮೆಸೇಜ್ ಹಾಕುವುದಿಲ್ಲ. ಶಾಲೆಯ ಕೆಲಸಕ್ಕೆ ಸಾಕು, ಶೆಡ್ಡಿಗೆ ಸಾಲದು.

ಕೊನೆಯ ಪರೀಕ್ಷೆ

ಪೆಟ್ಟಿಗೆ ಕಟ್ಟಿದ ಮೇಲೆ ವೈರ್‌ಮನ್ ಎದುರಿಗೇ ಒಂದೊಂದಾಗಿ ನೋಡಿದೆವು. ಅವರು ಮೂರರಲ್ಲಿ ಒಂದು ಫ್ಯೂಜ್ ತೆಗೆದಾಗ ಸಾಕೆಟ್ ಸತ್ತಿರಬೇಕು. ಮೂರನ್ನೂ ಸರದಿಯಂತೆ ತೆಗೆದು ನೋಡಬೇಕು, ಒಂದನ್ನು ನೋಡಿ ಬಿಡಬಾರದು. ಮೂರೂ ಹಾಕಿದ ಮೇಲೆ 2 ನಿಮಿಷಕ್ಕೆ ಟೈಮರ್ ಟಕ್ ಎನ್ನಬೇಕು. ಕೂಡಲೇ ಫೋನಿನಲ್ಲಿ ಚಾರ್ಜಿಂಗ್ ಗುರುತು, ಆಮೇಲೆ ಮೆಸೇಜ್. ಮೆಸೇಜ್ ಬಾರದಿದ್ದರೆ ತಪ್ಪು ಎಲ್ಲಿದೆ ಎಂದು ಇದೇ ಸಾಲಿನಲ್ಲಿ ಹುಡುಕಬಹುದು. ಟೈಮರ್ ಟಕ್ ಎಂದಿಲ್ಲವಾದರೆ ತಪ್ಪು ಲೈನಿನಲ್ಲಿ ಅಥವಾ ರಿಲೇಯಲ್ಲಿ. ಟಕ್ ಎಂದೂ ಚಾರ್ಜಿಂಗ್ ಗುರುತು ಇಲ್ಲವಾದರೆ ಚಾರ್ಜರ್ ಅಥವಾ ಕೇಬಲ್. ಗುರುತು ಇದ್ದೂ ಮೆಸೇಜ್ ಇಲ್ಲವಾದರೆ ಶೆಡ್ ಫೋನಿನಿಂದ ಕೈಯಾರೆ ಒಂದು ಮೆಸೇಜ್ ಹಾಕಿ ನೋಡಿ. ಅದೂ ಹೋಗದಿದ್ದರೆ ಸಿಮ್ಮಿನ ರೀಚಾರ್ಜ್ ಅಥವಾ ಸಿಗ್ನಲ್. ಅದು ಹೋದರೆ ರೂಟಿನ್ ಆಫ್ ಆಗಿದೆಯೇ, ಎಸ್ಸೆಮ್ಮೆಸ್ ಒಪ್ಪಿಗೆ ಉಳಿದಿದೆಯೇ ನೋಡಿ.

ರೀಚಾರ್ಜ್ ದಿನಾಂಕವನ್ನು ಕಾಕಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ವ್ಯಾಲಿಡಿಟಿ ಮುಗಿದ ಸಿಮ್ಮಿಗೆ ಹೊರಗಿಂದ ಮೆಸೇಜ್ ಬರುತ್ತಿದ್ದರೂ ಅದರಿಂದ ಹೊರಗೆ ಹೋಗುವುದಿಲ್ಲ. ಶೆಡ್ ಫೋನಿಗೆ ನಾವು ಕಳಿಸಿದ ಮೆಸೇಜ್ ತಲುಪಿತು ಎಂದು ಸಮಾಧಾನ ಪಡುವಂತಿಲ್ಲ. ಅದು ನಮಗೆ ಸಂಜೆ 7ಕ್ಕೆ ಕಳಿಸಿದ್ದು ಬಂತೇ ಎನ್ನುವುದನ್ನೇ ನೋಡಬೇಕು.